ಬಿಲ್ಲಿಗೆ ಅಂತ ಕೊಟ್ಟ ನಂಬರು

ದೀಪಾವಳಿ ಮುಗಿದ ವಾರ ಅದು. ಅಂಗಡಿಯಲ್ಲಿ ಜನ ಕಮ್ಮಿ. ರಿಟೈರ್ ಆದ ಟೀಚರ್ ಒಬ್ಬರು ಬಂದರು. ಹತ್ತು ವರ್ಷದಿಂದ ಕಾಟನ್ ಸೀರೆಗೆ ನಮ್ಮಲ್ಲಿಗೇ ಬರುವವರು. ಈ ಸಲ ಸೀರೆ ತೋರಿಸಿ ಅನ್ನಲಿಲ್ಲ. ಬ್ಯಾಗಿಂದ ಫೋನ್ ತೆಗೆದು ಕೌಂಟರ್ ಮೇಲಿಟ್ಟು, ನನ್ನ ಕಡೆಗೆ ತಿರುಗಿಸಿದರು.

"ನೋಡ್ರೀ ಇಲ್ಲಿ. ಮೂರನೇ ಸಲ ಇದು. ಬೇಡ ಅಂತ ಹೇಳಿದ್ದೆನಲ್ಲ?"

ಹೇಳಿದ್ದರು. ದಸರಾಕ್ಕೆ ಮುಂಚೆ ಅವರು ಫೋನ್ ಮಾಡಿ ಹೇಳಿದ ದಿನವೇ ಕಂಪ್ಯೂಟರಿನಲ್ಲಿ ಅವರ ನಂಬರು ಹುಡುಕಿ ಅಳಿಸಿದ್ದೆ. ನನ್ನ ಕೈಯಾರೆ. ಆದರೂ "ದೀಪಾವಳಿ ಧಮಾಕಾ, ಸೀರೆಗಳ ಮೇಲೆ 20% ರಿಯಾಯಿತಿ" ಅಂತ ಮೆಸೇಜು ಹೋಗಿತ್ತು. ಕೆಳಗೆ ನಮ್ಮದೇ ಅಂಗಡಿ ಹೆಸರು. ಏನು ಹೇಳಬೇಕೋ ತೋಚಲಿಲ್ಲ. "ಕಂಪ್ಯೂಟರ್ ತಪ್ಪು ಮೇಡಂ" ಅಂದೆ. ಸುಳ್ಳು ಅಂತ ಅವರಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು.

"ನಾನು ನಂಬರ್ ಕೊಟ್ಟಿದ್ದು ಬಿಲ್ಲಿಗೆ ಕಣಮ್ಮ" ಅಂದು ಹೊರಟುಹೋದರು. ಸೀರೆ ತಗೊಳ್ಳಲಿಲ್ಲ.

ನಮ್ಮದು ದಾವಣಗೆರೆಯಲ್ಲಿ ಸಣ್ಣ ಸೀರೆ ಅಂಗಡಿ. ಮಾವನವರು ಶುರು ಮಾಡಿದ್ದು, ಈಗ ನಾನೂ ನಮ್ಮ ಯಜಮಾನರೂ ನೋಡಿಕೊಳ್ಳುತ್ತೇವೆ. ಅಳಿಸಿದ ನಂಬರಿಗೆ ಮೆಸೇಜು ಹೋಗಿದ್ದು ಹೇಗೆ ಅಂತ ಹುಡುಕಲು ಅವತ್ತು ರಾತ್ರಿ ಕೂತೆ. ಅದಕ್ಕೇ ಮೂರು ರಾತ್ರಿ ಹೋಯಿತು. ಆಮೇಲೆ ನಂಬರು ತಗೊಳ್ಳುವ ಪದ್ಧತಿಯನ್ನೇ ಬದಲಾಯಿಸಲು ಸುಮಾರು ಐದು ತಿಂಗಳು ಹಿಡಿಯಿತು. ಅದನ್ನೇ ಬರೆಯುತ್ತಿದ್ದೇನೆ, ಯಾಕಂದರೆ ನಮ್ಮಂಥ ಅಂಗಡಿಯವರೆಲ್ಲ ಹೆಚ್ಚುಕಮ್ಮಿ ಇದೇ ತಪ್ಪನ್ನು ಮಾಡುತ್ತಿದ್ದೇವೆ.

ಮೊದಲು ನಂಬರುಗಳೆಲ್ಲ ಎಲ್ಲಿಂದ ಬಂದವು ಅಂತ ನೋಡಿದೆ. ಎಕ್ಸೆಲ್ ಫೈಲಿನಲ್ಲಿ 3,140 ನಂಬರುಗಳಿದ್ದವು, ಎಲ್ಲ ಒಂದೇ ಉದ್ದದ ಪಟ್ಟಿ. ಯಾವುದು ಎಲ್ಲಿಂದ ಬಂತು ಅನ್ನೋ ಕಾಲಮ್ಮೇ ಇರಲಿಲ್ಲ. ನೆನಪು ಮಾಡಿಕೊಂಡು, ಹಳೇ ಪುಸ್ತಕಗಳ ಜೊತೆ ತಾಳೆ ನೋಡಿ, ಬೇರೆ ಬೇರೆ ರಾಶಿ ಮಾಡಿದೆ. ಜಾಸ್ತಿ ಬಂದಿದ್ದು ಬಿಲ್ಲಿಂಗ್ ಸಾಫ್ಟ್‌ವೇರಿನಿಂದ. ಆಮೇಲೆ ಫಾಲು-ಕುಚ್ಚಿನ ಪುಸ್ತಕ: ಸೀರೆಗೆ ಫಾಲ್ ಹಚ್ಚಲು, ಕುಚ್ಚು ಹಾಕಲು ಬಿಟ್ಟು ಹೋಗುವವರ ಹೆಸರು ಬರೆದುಕೊಳ್ಳುತ್ತೇವಲ್ಲ, ಅದು. ದುರ್ಗಾಂಬಿಕಾ ಜಾತ್ರೆ ಸಮಯದಲ್ಲಿ ಇಟ್ಟಿದ್ದ ಲಕ್ಕಿ ಡ್ರಾ ಡಬ್ಬಿಯ ಚೀಟಿಗಳು ಒಂದಷ್ಟು. ಇನ್ನು ಹೇಳಿಕೊಳ್ಳೋಕೆ ನಾಚಿಕೆ ಆಗೋ ರಾಶಿ ಒಂದಿತ್ತು. ಯಾರೋ ಒಬ್ಬ ಅಂಗಡಿಗೆ ಬಂದು "ಸಿಟಿಯ ಒಳ್ಳೊಳ್ಳೆ ಪಾರ್ಟಿಗಳ ನಂಬರ್ ಇದಾವೆ ಸಾರ್" ಅಂತ ಪೆನ್ ಡ್ರೈವಿನಲ್ಲಿ ಕೊಟ್ಟು ದುಡ್ಡು ಇಸ್ಕೊಂಡು ಹೋಗಿದ್ದ ಪಟ್ಟಿ.

ಮೇಡಂ ನಂಬರಿನ ಗುಟ್ಟು ಎರಡನೇ ರಾತ್ರಿ ಬಯಲಾಯಿತು. ನಾನು ಅಳಿಸಿದ್ದು ಬಿಲ್ಲಿನ ಪಟ್ಟಿಯಿಂದ. ಅದೇ ನಂಬರು ಫಾಲು-ಕುಚ್ಚಿನ ಪುಸ್ತಕದಲ್ಲೂ ಇತ್ತು, ಆದರೆ ಮುಂದೆ ಒಂದು ಸೊನ್ನೆ ಸೇರಿಸಿ ಬರೆದಿದ್ದರು. ದೀಪಾವಳಿಗೆ ಮುಂಚೆ ನಮ್ಮ ಹುಡುಗ ಆ ಪುಸ್ತಕವನ್ನು ಕೂತು ಟೈಪ್ ಮಾಡಿ ಎಕ್ಸೆಲ್‌ಗೆ ಸೇರಿಸಿದ್ದ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹೊಸ ನಂಬರು. ನಾನು ಅಳಿಸಿದ್ದೇ ತಪ್ಪಾಗಿದ್ದು ಅಂತ ಆಗ ಅರ್ಥವಾಯಿತು. ಅಳಿಸಿದರೆ "ಇವರು ಬೇಡ ಅಂದಿದ್ದಾರೆ" ಅನ್ನೋ ವಿಷಯವೂ ಅದರ ಜೊತೆಗೇ ಅಳಿದುಹೋಗುತ್ತೆ. ಮುಂದೆ ಇನ್ನೊಂದು ಬಾಗಿಲಿಂದ ಆ ನಂಬರು ಒಳಗೆ ಬಂದಾಗ ತಡೆಯೋರು ಯಾರೂ ಇರಲ್ಲ.

ಅದಕ್ಕೇ ಈಗ ಒಂದು ಬೇರೆ ಶೀಟ್ ಇದೆ. ಹೆಸರು `Beda`. ಬೇಡ ಅಂದವರ ನಂಬರು, ಬರೀ 10 ಅಂಕಿಯಲ್ಲಿ, ಅಲ್ಲಿನ ಮೊದಲನೇ ಕಾಲಮ್ಮಿಗೆ ಹೋಗುತ್ತೆ. ಅಲ್ಲಿಂದ ಯಾವತ್ತೂ ತೆಗೆಯಲ್ಲ, ಅವರೇ ಬಂದು ಮತ್ತೆ ಕಳಿಸಿ ಅಂದರೆ ಮಾತ್ರ. ಹೆಸರು, ವಿಳಾಸ ಏನೂ ಇಡುವುದಿಲ್ಲ, ನಂಬರು ಮತ್ತು ತಾರೀಕು ಅಷ್ಟೇ. ಹೊಸದಾಗಿ ಯಾವ ಪಟ್ಟಿ ಬಂದರೂ ಮೊದಲು ನಂಬರುಗಳನ್ನೆಲ್ಲ ಒಂದೇ ರೂಪಕ್ಕೆ ತರಬೇಕು. ಒಬ್ಬರು +91 ಹಾಕಿರ್ತಾರೆ, ಒಬ್ಬರು ಸೊನ್ನೆ, ಇನ್ನೊಬ್ಬರು ಐದೈದು ಅಂಕಿ ಬಿಡಿಸಿ ಬರೆದಿರ್ತಾರೆ. ಖಾಲಿ ಜಾಗ ತೆಗೆದು ಕೊನೆಯ 10 ಅಂಕಿ ಇಟ್ಟುಕೊಂಡರೆ ಎಲ್ಲವೂ ಒಂದೇ ಆಗುತ್ತೆ. ಎರಡನೇ ಸಾಲು ಆ ನಂಬರು `Beda` ಶೀಟಿನಲ್ಲಿ ಇದೆಯಾ ಅಂತ ಎಣಿಸುತ್ತೆ. ಸೊನ್ನೆ ಬಂದರೆ ಮುಂದಕ್ಕೆ, ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು.

```
B2: =RIGHT(SUBSTITUTE(SUBSTITUTE(A2," ",""),"-",""),10)
C2: =COUNTIF(Beda!A:A,B2)
```

ಇದನ್ನು ಹಾಕಿ ಹಳೇ ಫೈಲನ್ನು ಓಡಿಸಿದಾಗ ಮೇಡಂ ನಂಬರು ಎರಡು ಕಡೆ ಸಿಕ್ಕಿತು. ಲಕ್ಕಿ ಡ್ರಾ ಚೀಟಿಯಲ್ಲೂ ಇದ್ದರು ಪಾಪ.

ಇಷ್ಟಾದ ಮೇಲೆ ನಾಲ್ಕು ರಾಶಿಯನ್ನು ಏನು ಮಾಡೋದು ಅನ್ನೋ ಪ್ರಶ್ನೆ. ನಮ್ಮ ಗಿರಾಕಿಯೇ ಆಗಿರುವ ಒಬ್ಬ ವಕೀಲರನ್ನು ಕೇಳಿದೆ. ಅವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಗ್ಗೆ ಹೇಳಿದರು. ಹೆಸರು ಕೇಳಿಯೇ ಗಾಬರಿ ಆಯಿತು. ಆದರೆ ಅವರು ತೋರಿಸಿದ ಒಂದು ಉದಾಹರಣೆ ನಮ್ಮ ಕೌಂಟರಿಗೇ ಬರೆದ ಹಾಗಿತ್ತು. ಒಬ್ಬರು ಔಷಧಿ ಅಂಗಡಿಯಲ್ಲಿ ಔಷಧಿ ತಗೊಂಡು, ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಮೊಬೈಲಿಗೆ ಕಳಿಸಿ ಅಂತ ತಾವಾಗೇ ನಂಬರು ಕೊಡುತ್ತಾರೆ. ಆ ನಂಬರನ್ನು ಅಂಗಡಿಯವರು ರಸೀದಿ ಕಳಿಸೋದಕ್ಕೆ ಬಳಸಬಹುದು. ಇದು ಕಾಯ್ದೆಯೊಳಗೇ ಇರೋ ಉದಾಹರಣೆ.

"ಅಂದ್ರೆ ಬಿಲ್ಲಿಗೆ ಕೊಟ್ಟಿದ್ದು ಬಿಲ್ಲಿಗೆ ಮಾತ್ರ. ಆಫರ್ ಕಳಿಸಬೇಕು ಅಂದ್ರೆ ಅದಕ್ಕೆ ಬೇರೆ ಕೇಳ್ಬೇಕು" ಅಂದರು. ಮೇಡಂ ಹೇಳಿದ್ದೂ ಅದನ್ನೇ ಅಲ್ವಾ?

ಇನ್ನೂ ಎರಡು ಮಾತು ಹೇಳಿದರು, ಅವು ತಲೆಯಲ್ಲಿ ಉಳಿದಿವೆ. ಒಪ್ಪಿಗೆ ಇತ್ತೋ ಇಲ್ಲವೋ ಅನ್ನೋ ತಕರಾರು ಬಂದರೆ, ಇತ್ತು ಅಂತ ತೋರಿಸಬೇಕಾದವರು ನಾವು. ಗಿರಾಕಿ ಅಲ್ಲ. ಮತ್ತೆ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಇದರ ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆಗೆ ಸಂಬಂಧಪಟ್ಟ ಭಾಗ ಪೂರ್ತಿ ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಇದನ್ನು ಕೇಳಿ ಯಜಮಾನರು "ಹಂಗಾದ್ರೆ ಇನ್ನೂ ಟೈಮ್ ಐತಲ್ಲ" ಅಂದರು. ಟೈಮ್ ಇದೆ ನಿಜ. ಆದರೆ ಮೇಡಂ ಸೀರೆ ತಗೊಳ್ಳದೆ ಹೋಗೋದಕ್ಕೆ 18 ತಿಂಗಳು ಕಾಯಲಿಲ್ಲ.

ಅಲ್ಲದೆ ಮೆಸೇಜಿನ ವಿಷಯದಲ್ಲಿ ಟ್ರಾಯ್, ಅಂದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ ನಿಯಮ 2018ರಿಂದಲೇ ಇದೆ. ಜಾಹೀರಾತಿನ ಎಸ್ಸೆಮ್ಮೆಸ್ ಕಳಿಸಬೇಕಾದರೆ ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲಿನಲ್ಲಿ ಅಂಗಡಿ ನೋಂದಾಯಿಸಬೇಕು, ಕಳಿಸುವವರ ಹೆಸರು ಅಂದರೆ ಹೆಡರ್ ಪಡೆಯಬೇಕು, ಮೆಸೇಜಿನ ಒಕ್ಕಣೆಗೂ ಒಪ್ಪಿಗೆ ತಗೊಳ್ಳಬೇಕು. ನಾವು ಇದನ್ನು ಒಬ್ಬ ಏಜೆಂಟರ ಕೈಯಲ್ಲಿ ಮಾಡಿಸಿದ್ದೆವು. ಅವರು "ಜಾಹೀರಾತು ಬೇಡ ಅಂತ ಡಿಎನ್‌ಡಿ ಹಾಕಿಸಿದವರಿಗೆ ಮೆಸೇಜ್ ಹೋಗೋದೇ ಇಲ್ಲ, ನೀವು ಚಿಂತೆ ಮಾಡ್ಬೇಡಿ" ಅನ್ನುತ್ತಿದ್ದರು. ನಾನೂ ನಂಬಿಕೊಂಡು ಕೂತಿದ್ದೆ. ಇಲ್ಲೇ ಬಹಳ ಜನ ಎಡವೋದು. 1909ಕ್ಕೆ ಹೇಳಿ ಡಿಎನ್‌ಡಿ ಹಾಕಿಸದೆ ಇದ್ದಾರೆ ಅಂದರೆ ಅವರು ಎಲ್ಲ ಜಾಹೀರಾತನ್ನೂ ತಡೆದಿಲ್ಲ ಅಂತ ಮಾತ್ರ ಅರ್ಥ. ನಮ್ಮ ಅಂಗಡಿಗೆ ಹೂಂ ಅಂದಿದ್ದಾರೆ ಅಂತಲ್ಲ. ಮೇಡಂ ಡಿಎನ್‌ಡಿ ಹಾಕಿಸಿರಲಿಲ್ಲ, ಅದಕ್ಕೇ ಜರಡಿಯಲ್ಲಿ ಸಲೀಸಾಗಿ ಇಳಿದುಬಿಟ್ಟಿದ್ದರು.

ಇನ್ನು ನಮ್ಮ ಹುಡುಗ, ಉತ್ಸಾಹದಲ್ಲಿ, ಒಂದಿಷ್ಟು ಮೆಸೇಜುಗಳನ್ನು ತನ್ನ ಸ್ವಂತ ಸಿಮ್ಮಿನಿಂದಲೇ ಕಳಿಸಿದ್ದ. ಅದು ಇನ್ನೂ ಅಪಾಯ. ಸಾಮಾನ್ಯ 10 ಅಂಕಿಯ ನಂಬರಿನಿಂದ ಜಾಹೀರಾತು ಕಳಿಸಿ, ಜನ 1909ಕ್ಕೆ ದೂರು ಕೊಡುತ್ತಾ ಹೋದರೆ ಆ ಸಿಮ್ಮಿನಿಂದ ಹೊರಹೋಗುವ ಕಾಲು, ಮೆಸೇಜು ಬಂದ್ ಆಗುತ್ತೆ. ಅವನ ಸಿಮ್ಮಿಗೇ ಬ್ಯಾಂಕು, ಗ್ಯಾಸು, ಎಲ್ಲ ಜೋಡಿಸಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ.

ರಾಶಿಗಳ ತೀರ್ಮಾನ ಹೀಗಾಯಿತು. ಪೆನ್ ಡ್ರೈವಿನ ಪಟ್ಟಿ ಪೂರ್ತಿ ತೆಗೆದುಹಾಕಿದೆ. "ದುಡ್ಡು ಕೊಟ್ಟು ತಗೊಂಡಿದ್ದು ಕಣಮ್ಮ" ಅಂತ ಮಾವನವರು ಎರಡು ದಿನ ಗೊಣಗಿದರು. ಲಕ್ಕಿ ಡ್ರಾ ಚೀಟಿಯಲ್ಲಿ "ಹೆಸರು, ಮೊಬೈಲ್" ಅಂತ ಬಿಟ್ಟರೆ ಏನೂ ಅಚ್ಚಾಗಿರಲಿಲ್ಲ. ಜನ ಬರೆದಿದ್ದು ಮಿಕ್ಸಿ ಗೆಲ್ಲೋಕೆ. ಡ್ರಾ ಆಗಿ ವರ್ಷ ಕಳೆದಿದೆ, ಅದೂ ಹೋಯಿತು. ಬಿಲ್ಲಿನ ನಂಬರು ಬಿಲ್ಲಿಗೆ, ಫಾಲು-ಕುಚ್ಚಿನ ನಂಬರು "ಸೀರೆ ರೆಡಿ ಇದೆ" ಅಂತ ಹೇಳೋದಕ್ಕೆ. 3,140ರಲ್ಲಿ ಆಫರ್ ಕಳಿಸಲು ಉಳಿದಿದ್ದು ಸೊನ್ನೆ.

ಸೊನ್ನೆ ಅಂತಲೇ ಅಂದುಕೊಂಡಿದ್ದೆ. ಆಗ ಅತ್ತೆ ತಮ್ಮ ಡ್ರಾಯರಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಟ್ಟರು. ಅವರ ಪದ್ಧತಿ ಏನಂದರೆ, ಯಾರಾದರೂ ಕೇಳಿದ ಸೀರೆ ಇಲ್ಲದಿದ್ದರೆ "ಬಂದಾಗ ಹೇಳ್ಲಾ?" ಅಂತ ಕೇಳಿ ಬರೆದುಕೊಳ್ಳೋದು. ಪುಟ ತೆರೆದರೆ: ತಾರೀಕು, ಹೆಸರು, ನಂಬರು, ಪಕ್ಕದಲ್ಲಿ "ಇಳಕಲ್, ಕೆಂಪು ಸೆರಗು, ಬಂದ್ರೆ ಫೋನ್". ಇನ್ನೊಂದು ಕಡೆ "ಮದುವೆ ಸೀರೆ, ಮಾಘದ ತನಕ ಮಾತ್ರ". ಕೆಲವನ್ನು ಅಡ್ಡಗೆರೆ ಎಳೆದು "ಬೇರೆ ಕಡೆ ತಗೊಂಡ್ರಂತೆ, ಬೇಡ" ಅಂತ ಬರೆದಿದ್ದರು. 87 ಜನ. ಯಾರು, ಯಾವತ್ತು, ಯಾವುದಕ್ಕೆ ಹೂಂ ಅಂದರು, ಎಲ್ಲಿಯವರೆಗೆ, ಯಾವಾಗ ಬೇಡ ಅಂದರು, ಎಲ್ಲವೂ ಇತ್ತು. ಕಾಯ್ದೆ ಹುಟ್ಟೋದಕ್ಕೆ ಎಷ್ಟೋ ಮುಂಚೆಯಿಂದ ಅತ್ತೆ ಇದನ್ನು ಮಾಡಿಕೊಂಡು ಬಂದಿದ್ದರು, ನಾವು ಎಕ್ಸೆಲ್ ಅಂತ ಹೋಗಿ ಕೆಡಿಸಿಕೊಂಡಿದ್ದೆವು.

ಆ ನೋಟ್‌ಬುಕ್ಕನ್ನೇ ಇಟ್ಟುಕೊಂಡು ಸಂಕ್ರಾಂತಿಗೆ ಹೊಸ ಚೀಟಿ ಮಾಡಿಸಿದೆವು. ಮೊದಲನೇ ಸಲ ಅಚ್ಚು ಹಾಕಿಸಿದ್ದು ಕೆಟ್ಟಿತು. "ಬಿಲ್ ಮತ್ತು ಆಫರ್ ಮಾಹಿತಿಗಾಗಿ ನನ್ನ ನಂಬರ್ ಕೊಟ್ಟಿರುತ್ತೇನೆ" ಅಂತ ಒಂದೇ ಸಾಲು ಇತ್ತು. ಬಿಲ್ ಬೇಕು, ಆಫರ್ ಬೇಡ ಅನ್ನೋರು ಎಲ್ಲಿ ಬರೀಬೇಕು? ವಕೀಲರಿಗೆ ತೋರಿಸಿದರೆ ನಕ್ಕರು. 500 ಚೀಟಿ ಹಿಂಬದಿಯಲ್ಲಿ ಈಗ ಲೆಕ್ಕ ಬರೆಯುತ್ತಿದ್ದೇವೆ. ಎರಡನೇ ಸಲದ್ದು ಹೀಗಿದೆ:

"☐ ಬಿಲ್ ಮತ್ತು ಹೊಲಿಗೆ ಕೆಲಸದ ಮಾಹಿತಿಯನ್ನು ಈ ನಂಬರಿಗೆ ಕಳಿಸಿ.
☐ ಹೊಸ ಸೀರೆ, ರಿಯಾಯಿತಿ ಬಗ್ಗೆ ತಿಂಗಳಿಗೆ ಎರಡು ಸಲ ಮೀರದಂತೆ ಎಸ್ಸೆಮ್ಮೆಸ್ ಕಳಿಸಿ.
☐ ಅದನ್ನೇ ಇಮೇಲಿಗೆ ಕಳಿಸಿ.
ಯಾವುದಕ್ಕೂ ಗುರುತು ಹಾಕದಿದ್ದರೂ ಬಿಲ್, ರಿಯಾಯಿತಿ ಸಿಗುತ್ತದೆ. ಬೇಡವೆನಿಸಿದರೆ ಈ ನಂಬರಿಗೆ ಫೋನ್ ಮಾಡಿ ಅಥವಾ 'ಬೇಡ' ಎಂದು ಕಳಿಸಿ."

ಕೆಳಗೆ ನಮ್ಮ ಅಂಗಡಿ ಮೊಬೈಲ್ ನಂಬರು, ತಾರೀಕು, ಸಹಿ. ಮೂಲೆಯಲ್ಲಿ ಸಣ್ಣದಾಗಿ "ಚೀಟಿ 2". ನಾಳೆ ಒಕ್ಕಣೆ ಬದಲಾಯಿಸಿದರೆ 3 ಆಗುತ್ತೆ. ಯಾರು ಯಾವ ಒಕ್ಕಣೆ ಓದಿ ಗುರುತು ಹಾಕಿದರು ಅಂತ ಗೊತ್ತಿರಬೇಕಲ್ಲ.

ಚೀಟಿ ಸರಿಯಾದರೂ ಕೌಂಟರ್ ಸರಿ ಇರಲಿಲ್ಲ. ಮೊದಲ ವಾರ 61 ಚೀಟಿ ಬಂದವು. ಅಷ್ಟರಲ್ಲೂ ಮೂರೂ ಚೌಕಕ್ಕೆ ಗುರುತು. ನನಗೆ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಮೇಜಿನ ಮೇಲೆ ಹರವಿ ನೋಡಿದೆ. ಎಲ್ಲ ಗುರುತೂ ಒಂದೇ ಥರ, ಬಲಕ್ಕೆ ಉದ್ದ ಬಾಲ ಎಳೆದದ್ದು, ಒಂದೇ ನೀಲಿ ಇಂಕು. ಸಹಿ ಮಾತ್ರ ಬೇರೆ ಬೇರೆ ಪೆನ್ನಿನದು. ಇಮೇಲ್ ಬರೆಯದವರೂ ಇಮೇಲಿಗೆ ಗುರುತು ಹಾಕಿದ್ದರು! ಹುಡುಗನನ್ನು ಕೇಳಿದೆ.

"ಅಕ್ಕಾ, ಲೈನ್ ಜಾಸ್ತಿ ಇತ್ತು. ನಾನೇ ಟಿಕ್ ಹಾಕಿ ಸಹಿ ಮಾಡ್ರಿ ಅಂತ ಕೊಟ್ಟೆ" ಅಂದ.

ಅವನನ್ನು ಬೈದು ಪ್ರಯೋಜನವಿಲ್ಲ, ಚೀಟಿ ಎಷ್ಟು ತುಂಬಿಸಿದೆ ಅಂತ ದಿನಾ ಸಂಜೆ ಕೇಳುತ್ತಿದ್ದವಳು ನಾನೇ. 61 ಚೀಟಿಯನ್ನೂ ಬಿಲ್ಲಿನ ರಾಶಿಗೆ ಹಾಕಿದೆ. ಚೀಟಿಯ ಪ್ಯಾಡನ್ನು ಕೌಂಟರಿನ ಆಚೆ, ಗಿರಾಕಿ ಕಡೆಗೆ ಇಟ್ಟು ಪೆನ್ನಿಗೆ ದಾರ ಕಟ್ಟಿದೆ. ಎಣಿಕೆ ಕೇಳೋದು ನಿಲ್ಲಿಸಿದೆ. ಅದಾದ ಮೇಲೆ ಹತ್ತು ಜನರಲ್ಲಿ ಮೂರ್ನಾಲ್ಕು ಮಂದಿ ಆಫರಿಗೆ ಗುರುತು ಹಾಕುತ್ತಾರೆ. ಸಂಖ್ಯೆ ಕಮ್ಮಿ. ಆದರೆ ಯುಗಾದಿಗೆ ಮೆಸೇಜು ಕಳಿಸಿದಾಗ ಅದನ್ನು ತೋರಿಸಿಕೊಂಡು ಬಂದವರು ಜಾಸ್ತಿ ಇದ್ದರು, ಬೈದು ಫೋನ್ ಮಾಡಿದವರು ಯಾರೂ ಇಲ್ಲ.

ಬೇಡ ಅನ್ನೋ ದಾರಿಯಲ್ಲಿ ಒಂದು ಪಜೀತಿ ಆಗಿತ್ತು, ಅದನ್ನು ಹೇಳಲೇಬೇಕು. ಹಳೇ ಮೆಸೇಜಿನ ಕೊನೆಗೆ "ಬೇಡವಾದರೆ STOP ಎಂದು ಉತ್ತರಿಸಿ" ಅಂತ ಇರುತ್ತಿತ್ತು. ಒಳ್ಳೇದಾಯ್ತು ಅಂದುಕೊಂಡು, ಯಜಮಾನರ ಫೋನಿಂದ ಉತ್ತರಿಸಿ ನೋಡಿದೆ. ಹೋಗಲಿಲ್ಲ. ಹೋಗೋದು ಹೇಗೆ, ಮೆಸೇಜು ಬಂದಿರೋದು ಇಂಗ್ಲಿಷ್ ಅಕ್ಷರಗಳ ಹೆಡರಿನಿಂದ, ಅದು ಫೋನ್ ನಂಬರೇ ಅಲ್ಲ. ಉತ್ತರ ಕಳಿಸಿ ಅಂತ ನಾವು ಹೇಳುತ್ತಿದ್ದದ್ದು ಗೋಡೆಗೆ. ಈಗ ಆ ಜಾಗದಲ್ಲಿ ಅಂಗಡಿಯ ಮೊಬೈಲ್ ನಂಬರನ್ನೇ ಹಾಕಿದ್ದೇವೆ. ನೀವೂ ನಿಮ್ಮ ಮೆಸೇಜನ್ನು ಮನೆಯವರ ಫೋನಿಗೆ ಕಳಿಸಿಕೊಂಡು, ಬೇಡ ಅನ್ನೋಕೆ ಆಗುತ್ತಾ ಅಂತ ಒಮ್ಮೆ ನೋಡಿ.

ಇನ್ನೊಂದು, ಸಮಯದ್ದು. ಶುಕ್ರವಾರ ಪಟ್ಟಿಯನ್ನು ಏಜೆಂಟರಿಗೆ ಕಳಿಸಿಬಿಟ್ಟಿದ್ದೆ, ಭಾನುವಾರ ಬೆಳಿಗ್ಗೆ ಹೋಗಲಿ ಅಂತ. ಶನಿವಾರ ಒಬ್ಬರು ಬೇಡ ಅಂದರು. `Beda` ಶೀಟಿಗೆ ಹಾಕಿದೆ. ಭಾನುವಾರ ಅವರಿಗೂ ಹೋಯಿತು. ಶೀಟು ನನ್ನ ಹತ್ತಿರ ಇತ್ತು, ಪಟ್ಟಿ ಅವರ ಹತ್ತಿರ. ಈಗ ಕಳಿಸುವ ದಿನ ಬೆಳಿಗ್ಗೆ ತಾಳೆ ನೋಡಿ ಆಮೇಲೆಯೇ ಪಟ್ಟಿ ಕೊಡುತ್ತೇನೆ. ಒಮ್ಮೆ ಬೇಡ ಅಂದವರನ್ನು ಮತ್ತೆ ಒಪ್ಪಿಗೆ ಕೇಳಬೇಕು ಅಂದರೂ 90 ದಿನ ಕಾಯಬೇಕು ಅಂತ ಟ್ರಾಯ್‌ನ 2025ರ ತಿದ್ದುಪಡಿಯಲ್ಲಿ ಇದೆ. ನಾವು ಕೇಳಲು ಹೋಗೋದೇ ಇಲ್ಲ.

ಬೇಡ ಅಂದವರಿಗೂ "ನಿಮ್ಮ ಸೀರೆಗೆ ಫಾಲ್ ಹಚ್ಚಿ ಆಗಿದೆ" ಅಂತ ಕಳಿಸಬಹುದು, ಅದು ಅವರ ಕೆಲಸದ ವಿಷಯ. ಆದರೆ ಅದರ ಬಾಲಕ್ಕೆ "ಬರುವಾಗ ಹೊಸ ಸ್ಟಾಕ್ ನೋಡಿ, 10% ಕಮ್ಮಿ" ಅಂತ ಅಂಟಿಸಿದರೆ ಅದೂ ಜಾಹೀರಾತೇ. ಹುಡುಗ ಒಮ್ಮೆ ಅಂಟಿಸಿದ್ದ.

ಇಮೇಲ್ ನಮ್ಮಲ್ಲಿ ಕಮ್ಮಿ, ಬೆಂಗಳೂರು ಕಡೆ ಇರುವ ಗಿರಾಕಿಗಳು ಕೊಡುತ್ತಾರೆ ಅಷ್ಟೇ. ಅಲ್ಲಿ ತೊಂದರೆ ಕೈಬರಹದ್ದು. ಒಂದು ಅಕ್ಷರ ತಪ್ಪಿ ಓದಿದರೆ ಯಾರೋ ಅಪರಿಚಿತರಿಗೆ ಹೋಗುತ್ತೆ. ಅದಕ್ಕೇ ಮೊದಲು ಒಂದೇ ಒಂದು ಮೇಲ್ ಹೋಗುತ್ತೆ, "ಹೌದು, ಕಳಿಸಿ" ಅನ್ನೋ ಲಿಂಕಿನ ಜೊತೆ. ಒತ್ತದಿದ್ದರೆ ಪಟ್ಟಿಗೆ ಸೇರಿಸಲ್ಲ. ನಂಬರಿಗೂ ಇಂಥದೇ ತೊಂದರೆ ಇದೆ: ಬಂದ್ ಆದ ಸಿಮ್ಮಿನ ನಂಬರನ್ನು ಕೆಲವು ತಿಂಗಳ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ. ಹಳಬರು ಕೊಟ್ಟ ಒಪ್ಪಿಗೆ ಹೊಸಬರದ್ದಾಗಲ್ಲ. ವರ್ಷವಿಡೀ ಅಂಗಡಿಗೆ ಬಾರದವರನ್ನು ನಾವು ಪಟ್ಟಿಯಿಂದ ಇಳಿಸುತ್ತೇವೆ.

ಮೊನ್ನೆ ಮೇಡಂ ಬಂದಿದ್ದರು. ಒಂದು ಇಳಕಲ್ ತಗೊಂಡರು, ಫಾಲ್ ಹಚ್ಚಲು ಬಿಟ್ಟರು. ದಾರ ಕಟ್ಟಿದ ಪೆನ್ ನೋಡಿ "ಬ್ಯಾಂಕ್ ಆಯ್ತಲ್ಲೇ ಇದು" ಅಂದರು. ಚೀಟಿಯನ್ನು ಪೂರ್ತಿ ಓದಿದರು, ಟೀಚರ್ ಅಲ್ವಾ, ಒಂದು ಅಚ್ಚಿನ ತಪ್ಪನ್ನೂ ಹಿಡಿದರು. ಮೊದಲನೇ ಚೌಕಕ್ಕೆ ಮಾತ್ರ ಗುರುತು ಹಾಕಿದರು. ಆಮೇಲೆ ಇನ್ನೊಂದು ಚೀಟಿ ಹರಿದುಕೊಂಡು, "ಮಗಳದ್ದು ಬರೀತೀನಿ, ಅವಳಿಗೆ ಸೀರೆ ಹುಚ್ಚು. ಆಫರ್ ಎಲ್ಲ ಅವಳಿಗೇ ಕಳಿಸು" ಅಂದರು.

"ಅವರೇ ಹೇಳ್ಬೇಕು ಮೇಡಂ" ಅಂದೆ.

ನನ್ನನ್ನೇ ದಿಟ್ಟಿಸಿ ನೋಡಿದರು. ಅಲ್ಲೇ ಮಗಳಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ವಿಷಯ ಹೇಳಿದ ಕೂಡಲೇ ಆ ಕಡೆಯಿಂದ, "ಅಯ್ಯೋ ಬೇಡಮ್ಮಾ, ಬರೋ ಮೆಸೇಜುಗಳೇ ಸಾಕಾಗಿದೆ."

ಮೇಡಂ ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಸೀರೆ ಯಾವತ್ತು ರೆಡಿಯಾಗುತ್ತೆ ಅಂತ ಕೇಳಿದರು.